ರೆಸಾರ್ಟಿಗೆ ಬೇಕಾಗಿದ್ದ ಹತ್ತು ಸಾಲಿನ ಪರಿಚಯ: ನಾನು ಬರೆದದ್ದು ಹೀಗೆ

ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನವರು ವಾರಕ್ಕೊಂದು ದಿನ ಬಂದು ಅತಿಥಿಗಳನ್ನು ನೋಡ್ತೀರಾ ಅಂತ ಕೇಳಿದರು. ನಾನು ಆಯುರ್ವೇದ ವೈದ್ಯೆ, ನನ್ನ ಕ್ಲಿನಿಕ್ ಇರುವುದು ಗೋಣಿಕೊಪ್ಪದಲ್ಲಿ. ದೂರ ಅನ್ನಿಸಿದರೂ ಒಪ್ಪಿಕೊಂಡೆ. ಅವರ ವೆಬ್‌ಸೈಟಿಗೆ, ರೂಮಿನಲ್ಲಿ ಇಡುವ ಕಾರ್ಡಿಗೆ ನನ್ನ ಬಗ್ಗೆ ಹತ್ತು ಸಾಲು ಬೇಕಿತ್ತು. ನಾನು ಬರೆಯುವ ಮೊದಲೇ ಅವರೇ ಒಂದು ಬರೆದು ಕಳಿಸಿದರು: "ಕೇರಳದಲ್ಲಿ ಪಳಗಿದ ಖ್ಯಾತ ಆಯುರ್ವೇದ ತಜ್ಞೆ. ಶುಗರ್, ಬೊಜ್ಜು, ಕೀಲುವಾತ, ನರದೌರ್ಬಲ್ಯಕ್ಕೆ ಸೈಡ್ ಎಫೆಕ್ಟ್ ಇಲ್ಲದ ಶಾಶ್ವತ ಪರಿಹಾರ."

ಫೋನ್ ಮಾಡಿದರೆ ಮ್ಯಾನೇಜರ್ ಹೇಳಿದ್ದು ಇಷ್ಟೇ. "ಎಲ್ಲರೂ ಹೀಗೇ ಹಾಕೋದು ಮೇಡಂ. ನೀವು ಸುಮ್ನೆ ಓಕೆ ಅನ್ನಿ ಸಾಕು."

ಓಕೆ ಅನ್ನಲಿಲ್ಲ. ಅದಕ್ಕೆ ಮೊದಲ ಕಾರಣ ಕಾನೂನು. 1954ರಲ್ಲಿ ಬಂದ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಕೊನೆಯಲ್ಲಿ 54 ಕಾಯಿಲೆಗಳ ಒಂದು ಪಟ್ಟಿ ಇದೆ. ಆ ಕಾಯಿಲೆಗಳಿಗೆ ಔಷಧಿ ಇದೆ, ಅದು ವಾಸಿ ಮಾಡುತ್ತದೆ ಅಥವಾ ಬರದಂತೆ ತಡೆಯುತ್ತದೆ ಅಂತ ಜಾಹೀರಾತು ಕೊಡುವ ಹಾಗಿಲ್ಲ. 'ವಾಸಿ' ಅನ್ನದೆ ಬರೀ 'ಕಡಿಮೆ ಮಾಡುತ್ತದೆ' ಅಂದರೂ ಅದು ಅದರೊಳಗೇ ಬರುತ್ತದೆ. ಮ್ಯಾನೇಜರ್ ಬರೆದ ಎರಡೇ ವಾಕ್ಯದಲ್ಲಿ ಡಯಾಬಿಟಿಸ್, ಬೊಜ್ಜು, ಕೀಲುವಾತ, ನರದೌರ್ಬಲ್ಯ ನಾಲ್ಕೂ ಇವೆ, ನಾಲ್ಕೂ ಆ ಪಟ್ಟಿಯಲ್ಲಿವೆ. ಮೊದಲ ಸಲ ತಪ್ಪಿತಸ್ಥರು ಅಂತ ಆದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮವರಲ್ಲೇ ಎಷ್ಟೋ ಜನ ಗಮನಿಸಿಲ್ಲ. ನೋಂದಾಯಿತ ವೈದ್ಯರು ತಮ್ಮ ಕ್ಲಿನಿಕ್ಕಿನ ಜಾಗದಲ್ಲೇ 'ಇಲ್ಲಿ ಇಂಥ ಕಾಯಿಲೆಗೆ ಚಿಕಿತ್ಸೆ ಕೊಡಲಾಗುವುದು' ಅಂತ ಬೋರ್ಡ್ ಹಾಕಬಹುದು, ಅದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿ ಇರುವುದು ಕ್ಲಿನಿಕ್ಕಿನ ಜಾಗದಲ್ಲಿ ತೂಗುವ ಬೋರ್ಡಿಗೆ. ಬೋರ್ಡಿನಲ್ಲಿ ಇರುವ ಸಾಲನ್ನೇ ಎತ್ತಿ ರೆಸಾರ್ಟಿನ ಕಾರ್ಡಿಗೋ ವಾಟ್ಸಾಪ್ ಸ್ಟೇಟಸ್ಸಿಗೋ ಹಾಕಿದರೆ ಅದೇ ರಕ್ಷಣೆ ಜೊತೆಗೆ ಬರುತ್ತದೆ ಅಂತ ಅಂದುಕೊಳ್ಳಬಾರದು. ನನ್ನ ಪರಿಚಯ ಓಡಾಡುವುದೆಲ್ಲ ಕ್ಲಿನಿಕ್ಕಿನ ಹೊರಗೇ. ಹಾಗಾಗಿ ಕಾಯಿಲೆಯ ಹೆಸರು ಹಿಡಿದು ಬರೆಯುವ ಯೋಚನೆಯನ್ನೇ ಬಿಟ್ಟೆ. ಯಾರು ನನ್ನ ಹತ್ತಿರ ಬರುತ್ತಾರೆ, ಅವರಿಗೆ ನಾನು ಏನು ಮಾಡುತ್ತೇನೆ, ಅಷ್ಟೇ ಬರೆಯೋಣ ಅಂತ ಕೂತೆ.

ಮೊದಲು ಓದಿನ ವಿಷಯ. ನನ್ನದು ಬಿಎಎಂಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಅದರ ಮೇಲೆ ಮೂರು ವರ್ಷ ಓದಿ ಎಂಡಿ ಮಾಡಿದವರು ಬೇರೆ, ನಾನು ಮಾಡಿಲ್ಲ. ಹಾಗಾಗಿ 'ತಜ್ಞೆ' ಅನ್ನುವುದನ್ನು ತೆಗೆದೆ. ಎಂಡಿ ಮಾಡಿದವರೂ 'ಎಂಡಿ (ಆಯುರ್ವೇದ)' ಅಂತ ಪೂರ್ತಿ ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಓದುವವರು ಜನರಲ್ ಮೆಡಿಸಿನ್ ಎಂಡಿ ಅಂದುಕೊಳ್ಳುತ್ತಾರೆ.

ಇನ್ನು ಆ 'ಕೇರಳದಲ್ಲಿ ಪಳಗಿದ'. ಇದು ಕೊಡಗಿನಲ್ಲಿ ಜೋರಾಗಿ ಓಡುವ ಮಾತು. ಪೆರುಂಬಾಡಿ ದಾಟಿ ಘಾಟಿ ಇಳಿದರೆ ಕೇರಳ, ಅಲ್ಲಿಂದ ಬಂದ ಎಣ್ಣೆ, ಅಲ್ಲಿ ಕಲಿತ ಕೈ ಅಂದರೆ ಜನಕ್ಕೆ ಒಂದು ನಂಬಿಕೆ. ನಾನು ಕಣ್ಣೂರು ಕಡೆ ಹೋಗಿ ಕಲಿತದ್ದು ನಿಜ. ಆದರೆ ಅದು ಎರಡು ವಾರದ ಸರ್ಟಿಫಿಕೇಟ್ ಕೋರ್ಸು, ಬಿಸಿ ಮಾಡಿ ಮೈಗೆ ಒತ್ತುವ ಬಟ್ಟೆಯ ಗಂಟು, ಅಂದರೆ ಕಿಳಿ ಕಟ್ಟುವುದು, ಎಣ್ಣೆಯನ್ನು ಸಣ್ಣಗೆ ಸುರಿಸುತ್ತಾ ಧಾರೆ ಬಿಡುವುದು ಇಂಥ ಕೈಕೆಲಸ ಕಲಿಸುವಂಥದ್ದು. ಅದನ್ನು ಪದವಿಯ ಸಾಲಿನಲ್ಲಿ ಸೇರಿಸಿದರೆ ಐದೂವರೆ ವರ್ಷವೂ ಎರಡು ವಾರವೂ ಒಂದೇ ತೂಕದ್ದು ಅಂತ ಕಾಣುತ್ತದೆ. ಆದ್ದರಿಂದ ಬೇರೆ ವಾಕ್ಯ ಮಾಡಿ, ಅವಧಿಯನ್ನೂ ಅದರಲ್ಲೇ ಹಾಕಿದೆ. ರಾಜ್ಯದ ಆಯುರ್ವೇದ ಮತ್ತು ಯುನಾನಿ ಮಂಡಳಿಯ ನೋಂದಣಿ ಸಂಖ್ಯೆಗೂ ಒಂದು ಸಾಲು ಕೊಟ್ಟೆ. ಯಾರಿಗಾದರೂ ಅನುಮಾನ ಬಂದರೆ ಹಿಡಿದು ಕೇಳುವುದಕ್ಕೆ ಇರುವುದು ಅದೊಂದೇ ಅಲ್ವಾ.

ಚಿಕಿತ್ಸೆಯ ಭಾಗಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಸೊಂಟ, ಮಂಡಿ, ಕುತ್ತಿಗೆ ನೋವಿನವರು. ತೋಟದ ಕೆಲಸದವರು ಬರುತ್ತಾರೆ. ಕಾಫಿ ಕುಯ್ಲಿನಲ್ಲಿ ದಿನವಿಡೀ ಗಿಡ ಬಗ್ಗಿಸಿ ಹಣ್ಣು ಬಿಡಿಸಿ ಸಂಜೆ ಚೀಲ ಹೊತ್ತವರು, ಏಣಿ ಹತ್ತಿ ಮೆಣಸು ಕೊಯ್ದವರು. ಜೀಪಿನಲ್ಲಿ ಓಡಾಡಿ ಸೊಂಟ ಹಿಡಿಸಿಕೊಂಡ ಸಾಹುಕಾರರೂ ಬರುತ್ತಾರೆ, ಅವರ ಗೊಣಗಾಟ ಸ್ವಲ್ಪ ಜಾಸ್ತಿ! ಇವರಿಗೆ ನಾನು ಮಾಡುವುದು ಅಭ್ಯಂಗ, ಸೊಪ್ಪಿನ ಕಿಳಿ, ಕಟಿಬಸ್ತಿ, ಬೇಕಾದರೆ ಹೊಟ್ಟೆಗೆ ಔಷಧಿ, ಜೊತೆಗೆ ಹೇಗೆ ಬಗ್ಗಬೇಕು, ಯಾವ ವ್ಯಾಯಾಮ ಮಾಡಬೇಕು ಅನ್ನುವ ಮಾತು.

ಕಟಿಬಸ್ತಿ ಅಂದರೆ ಹೀಗೆ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೋರಲಾಗಿ ಮಲಗಿದವರ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟುತ್ತೇವೆ. ಒಳಗೂ ಹೊರಗೂ ನೀರು ಸವರಿ ಚರ್ಮಕ್ಕೆ ಅಂಟಿಸಬೇಕು, ಎಲ್ಲಾದರೂ ಸಂದು ಉಳಿದರೆ ಎಣ್ಣೆ ಪಕ್ಕಕ್ಕೆ ಸೋರಿ ಹಾಸಿಗೆಗೆ ಇಳಿಯುತ್ತದೆ. ಒಳಗೆ ಬೆಚ್ಚಗಿನ ಎಣ್ಣೆ. ಆರಿದ ಹಾಗೆ ಹತ್ತಿಯಲ್ಲಿ ಹೀರಿ ತೆಗೆದು, ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿದ ಎಣ್ಣೆ ಮತ್ತೆ ಹಾಕುತ್ತಾ ಅರ್ಧ ಗಂಟೆಯ ಮೇಲೆ ನಡೆಯುತ್ತದೆ. ಜುಲೈನಲ್ಲಿ ನಮ್ಮ ಕಡೆ ಎಣ್ಣೆ ಬೇಗ ಆರುತ್ತದೆ, ಹಾಗಂತ ಜಾಸ್ತಿ ಬಿಸಿ ಮಾಡುವ ಹಾಗಿಲ್ಲ.

ಬಿಸಿಯ ಅಪಾಯ ಹೆಚ್ಚು ಕಾಣುವುದು ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ. ಅವರಿಗೆ ಪಾದದಲ್ಲಿ, ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಕಿಳಿ ಸುಡುತ್ತಿದ್ದರೂ "ಹಾಯಾಗಿದೆ, ಇನ್ನೂ ಬಿಸಿ ಇರಲಿ" ಅನ್ನುತ್ತಾರೆ, ಮರುದಿನ ಬೊಬ್ಬೆ. ಅದಕ್ಕೆ ಮೊದಲು ಹತ್ತಿಯಿಂದ ಮುಟ್ಟಿ, ಕಣ್ಣು ಮುಚ್ಚಿಸಿ ಎಲ್ಲಿ ಮುಟ್ಟಿದೆ ಅಂತ ಕೇಳುತ್ತೇನೆ, ಕಿಳಿಯ ಬಿಸಿಯನ್ನು ನನ್ನ ಅಂಗೈ ಹಿಂಭಾಗದಲ್ಲಿ ನೋಡುತ್ತೇನೆ. ಇದೆಲ್ಲ ಗೊತ್ತಿದ್ದೂ 'ಸೈಡ್ ಎಫೆಕ್ಟ್ ಇಲ್ಲ' ಅಂತ ಹೇಗೆ ಬರೆಯಲಿ? ಹೊಟ್ಟೆಗೆ ಕೊಡುವ ಔಷಧಿಗೂ ಅದೇ ಮಾತು, ಬಿಪಿ ಮಾತ್ರೆಯ ಜೊತೆಗೋ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೋ ಏನು ಕೊಡುತ್ತಿದ್ದೇನೆ ಅಂತ ನೋಡಲೇಬೇಕು.

ರೋಗಿಗಳ ಮಾತು ಹಾಕಿ ಅಂತಲೂ ರೆಸಾರ್ಟಿನವರು ಕೇಳಿದರು. ಪೊನ್ನಂಪೇಟೆ ಕಡೆಯ ಒಬ್ಬರು ಅಜ್ಜಿ ಸಿಕ್ಕವರಿಗೆಲ್ಲ ಹೇಳುತ್ತಾರೆ, "ಡಾಕ್ಟ್ರಮ್ಮ ಕೈ ಇಟ್ಟರು, ಮಂಡಿ ನೋವು ಹೋಯ್ತು" ಅಂತ. ಕೇಳೋಕೆ ಖುಷಿಯೇ. ಆದರೆ ಅವರು ಬಂದದ್ದು ಮಳೆ ಹುಯ್ಯುವಾಗ, ಮನೆಯೆಲ್ಲ ಥಂಡಿ, ಮಂಡಿ ಮಡಿಸೋಕೂ ಆಗುತ್ತಿರಲಿಲ್ಲ. ಹಗುರ ಆಯಿತು ಅಂದದ್ದು ಅಕ್ಟೋಬರಿನಲ್ಲಿ, ಬಿಸಿಲು ಬಂದ ಮೇಲೆ. ಮಂಡಿ ಸವೆದ ನೋವಿಗೆ ಏರಿಳಿತ ಇದ್ದೇ ಇರುತ್ತದೆ, ಜನ ಡಾಕ್ಟರ ಹತ್ತಿರ ಬರುವುದು ಅದು ತೀರ ಏರಿದಾಗ. ಅಲ್ಲಿಂದ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ನನ್ನ ಎಣ್ಣೆಯದು ಎಷ್ಟು, ಬಿಸಿಲಿನದು ಎಷ್ಟು, ಮೊಮ್ಮಗಳು ಬಂದು ಮೆಟ್ಟಿಲು ಹತ್ತಿ ಇಳಿಯುವ ಕೆಲಸ ತಪ್ಪಿಸಿದ್ದರದು ಎಷ್ಟು ಅಂತ ಒಬ್ಬರ ಕಥೆಯಿಂದ ಹೇಳೋಕೆ ಆಗಲ್ಲ. ಅಜ್ಜಿಯ ಮಾತು ಅಜ್ಜಿಯದೇ ಆಗಿರಲಿ, ಕಾರ್ಡಿನಲ್ಲಿ ಬೇಡ ಅಂದೆ.

ಯಾರನ್ನು ನಾನು ಇಟ್ಟುಕೊಳ್ಳುವುದಿಲ್ಲ ಅನ್ನುವುದನ್ನೂ ಬರೆದೆ. ಸೊಂಟ ನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆ ಸಂದು ಜೋಮು ಹಿಡಿದರೆ, ಕಾಲು ಸೋಲುತ್ತಿದ್ದರೆ ಅದು ಎಣ್ಣೆ ಹಾಕುವ ಸಮಯವಲ್ಲ, ಅದೇ ದಿನ ಆಸ್ಪತ್ರೆ. ಬಿದ್ದು ಆದ ನೋವು, ಜ್ವರದ ಜೊತೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಾ ಬಂದ ನೋವು, ಇವನ್ನೂ ಮೊದಲು ಅಲ್ಲಿ ತೋರಿಸಿ ಬರಬೇಕು. ಮ್ಯಾನೇಜರ್‌ಗೆ ಈ ಸಾಲು ಹಿಡಿಸಲಿಲ್ಲ. "ಅತಿಥಿಗಳು ಹೆದರ್ತಾರೆ ಮೇಡಂ." ಇದೊಂದು ಸಾಲು ಮಾತ್ರ ತೆಗೆಯಲ್ಲ, ಬೇಕಾದರೆ ನನ್ನ ಫೋಟೋ ತೆಗೆಯಿರಿ ಅಂದೆ.

ಕೊನೆಗೆ ಹೀಗೆ ನಿಂತಿತು:

"ನಾನು ಬಿಎಎಂಎಸ್ ಓದಿದ ಆಯುರ್ವೇದ ವೈದ್ಯೆ, ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ನೋಂದಣಿ ಸಂಖ್ಯೆ ಕೆಳಗಿದೆ. ಕಿಳಿ ಮತ್ತು ಧಾರೆಯ ಬಗ್ಗೆ ಕೇರಳದಲ್ಲಿ ಎರಡು ವಾರದ ತರಬೇತಿ ಪಡೆದಿದ್ದೇನೆ. ಗೋಣಿಕೊಪ್ಪದಲ್ಲಿ ಕ್ಲಿನಿಕ್ ಇದೆ. ಹೆಚ್ಚಾಗಿ ನೋಡುವುದು ಸೊಂಟ, ಮಂಡಿ, ಕುತ್ತಿಗೆ ನೋವು ಇರುವವರನ್ನು. ಮೊದಲ ಭೇಟಿಯಲ್ಲಿ ಮಾತಾಡಿ, ಪರೀಕ್ಷೆ ಮಾಡಿ, ಹಳೆಯ ರಿಪೋರ್ಟುಗಳನ್ನು ನೋಡುತ್ತೇನೆ. ಅಗತ್ಯ ಕಂಡರೆ ಅಭ್ಯಂಗ, ಕಿಳಿ, ಕಟಿಬಸ್ತಿ, ವ್ಯಾಯಾಮ ಹೇಳಿಕೊಡುತ್ತೇನೆ. ಕೆಲವರಿಗೆ ಇದರಿಂದ ಹಗುರ ಅನ್ನಿಸುತ್ತದೆ, ಕೆಲವರಿಗೆ ಇಲ್ಲ. ಎಷ್ಟು ಅಂತ ಮೊದಲೇ ಹೇಳಲಾರೆ. ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ಅವನ್ನು ನಿಲ್ಲಿಸಲು ನಾನು ಹೇಳುವುದಿಲ್ಲ, ಅದು ಬರೆದುಕೊಟ್ಟ ವೈದ್ಯರ ತೀರ್ಮಾನ. ಬಿದ್ದ ಪೆಟ್ಟು, ಜ್ವರ, ಕಾಲಿನ ಸೋಲು, ಮೂತ್ರದ ಹಿಡಿತ ತಪ್ಪಿದ್ದು ಇದ್ದರೆ ನೇರ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಮೊದಲೇ ತಿಳಿಸಿ."

ಹತ್ತು ಸಾಲಿಗಿಂತ ಸ್ವಲ್ಪ ಉದ್ದ ಆಯಿತು, ಗೊತ್ತು. ಇಂಗ್ಲಿಷಿಗೆ ಅವರೇ ಮಾಡಿಸಿದರು. ಹಾಕುವ ಮೊದಲು ನನಗೆ ತೋರಿಸಿ ಅಂತ ಕೇಳಿಕೊಂಡಿದ್ದೆ, ನೋಡಿದರೆ 'ಹಗುರ ಅನ್ನಿಸುತ್ತದೆ' ಇದ್ದ ಜಾಗದಲ್ಲಿ 'ಗುಣವಾಗುತ್ತದೆ' ಅನ್ನುವ ಅರ್ಥ ಬಂದಿತ್ತು, 'ಕೆಲವರಿಗೆ ಇಲ್ಲ' ಮಾಯ! ತಿದ್ದಿಸಿದೆ. ಅವರ ತೂಕ ಇಳಿಸುವ ಪ್ಯಾಕೇಜ್ ಈಗಲೂ ಇದೆ, ಅದರ ಪುಟದಲ್ಲಿ ನನ್ನ ಹೆಸರು ಇರಬಾರದು ಅಂತ ಈಮೇಲಿನಲ್ಲಿ ಬರೆಸಿಕೊಂಡಿದ್ದೇನೆ. ಆಗಾಗ ಹೋಗಿ ಆ ಪುಟ ತೆರೆದು ನೋಡುತ್ತಿರುತ್ತೇನೆ.