ಬಾಡಿಗೆ ಕೊಟ್ಟಿದ್ದು ನಿಜ, ಆದರೆ ಯಾವ ತಿಂಗಳದ್ದು?

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಅತ್ತೆ ಮನೆಯವರಿಗೆ ನಾಲ್ಕು ಸಣ್ಣ ಬಾಡಿಗೆ ಮನೆಗಳಿವೆ. ಮಾವ ಇರುವವರೆಗೂ ಬಾಡಿಗೆ ವಸೂಲಿ ಅವರದೇ. 2022ರ ಕೊನೆಯಲ್ಲಿ ಅವರು ತೀರಿಕೊಂಡ ಮೇಲೆ ಆ ಲೆಕ್ಕ ನನ್ನ ಕೈಗೆ ಬಂತು. ಅಲ್ಲಿಂದ ಇಲ್ಲಿವರೆಗೆ ನಾನು ಕಂಡಿದ್ದು ಇಷ್ಟು: ಕ್ಯಾಶ್ ಬಾಡಿಗೆಯಲ್ಲಿ "ಕೊಟ್ಟಿಲ್ಲ" ಅಂತ ಯಾರೂ ಸುಮ್ನೆ ಸುಳ್ಳು ಹೇಳುವುದಿಲ್ಲ. ದುಡ್ಡು ಬಂದಿದ್ದನ್ನು ಇಬ್ಬರೂ ಒಪ್ಪುತ್ತಾರೆ. ಅದು ಯಾವ ಬಾಬ್ತಿಗೆ ಬಂತು, ಯಾವ ತಿಂಗಳಿಗೆ ಜಮಾ ಆಯಿತು ಅನ್ನುವುದರಲ್ಲೇ ಜಗಳ. ಮೇಲಿನ ಮನೆ ಟೈಲರ್ ಖಾಲಿ ಮಾಡುವಾಗ ನಡೆದಿದ್ದೂ ಇದೇ.

ಅವರಿಗೆ 50 ಅಡಿ ರಸ್ತೆಯಲ್ಲಿ ಅಂಗಡಿ. ನಮ್ಮ ಮನೆಗೆ ಬಾಡಿಗೆ 9,000, ಅಡ್ವಾನ್ಸ್ 90,000. ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ ಮಾವನ ಕೈಗೆ ಕ್ಯಾಶ್. ಮಾವ ಡೈರಿಯಲ್ಲಿ "ಟೈಲರ್ 9" ಅಂತ ಬರೆದುಕೊಳ್ಳುತ್ತಿದ್ದರು. ರಸೀದಿ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಹತ್ತು ವರ್ಷ ಹೀಗೇ ನಡೆದಿತ್ತು, ತೊಂದರೆಯೇನೂ ಇರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು. ಏಪ್ರಿಲ್‌ನಲ್ಲಿ 4,000 ಕೊಟ್ಟರು, ಮೇನಲ್ಲಿ ಏನೂ ಇಲ್ಲ, ಜೂನ್‌ನಲ್ಲಿ 5,000. ಮೂರು ತಿಂಗಳಿಗೆ 27,000 ಬರಬೇಕಿತ್ತು, ಬಂದಿದ್ದು 9,000. ಉಳಿದ 18,000 "ನಿಧಾನಕ್ಕೆ ಕೊಡಿ" ಅಂದರಂತೆ ಮಾವ. ಬಾಯಿಮಾತು ಅಷ್ಟೇ.

2023ರಲ್ಲಿ ಟೈಲರ್ ಮನೆ ಬಿಡುತ್ತೇವೆ ಅಂದಾಗ ನನ್ನ ಗಂಡ ಡೈರಿ ತೆಗೆದರು. 2020ರ ಪುಟದಲ್ಲಿ ಬಾಕಿ ಕಂಡಿತು. ತೀರಿದ್ದು ಎಲ್ಲೂ ಕಾಣಲಿಲ್ಲ. "18,000 ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳೋಣ" ಅಂದರು. ಟೈಲರ್ ಕೇಳಿದ ತಕ್ಷಣ ಬಂದು ನಿಂತರು. "ಅಕ್ಕಾ, ಅದನ್ನು ತಿಂಗಳಿಗೆ 2,000 ಸೇರಿಸಿ ಒಂಬತ್ತು ತಿಂಗಳಲ್ಲಿ ಚುಕ್ತಾ ಮಾಡಿದೀನಿ. ಯಜಮಾನರು ಇದ್ದಿದ್ರೆ ಅವರೇ ಹೇಳ್ತಿದ್ರು" ಅಂದರು. ಆ ಮನುಷ್ಯನ ಮುಖ ನೋಡಿದರೆ ನಂಬಬೇಕು ಅನಿಸುತ್ತಿತ್ತು. ಆದರೆ ಮುಖ ನೋಡಿ ಲೆಕ್ಕ ಮುಗಿಸಿದರೆ ಮನೆಯೊಳಗೆ ಇನ್ನೊಂದು ಜಗಳ ಶುರುವಾಗುತ್ತದೆ ಅಲ್ವಾ? ನಾನು ಒಂದು ವಾರ ಟೈಮ್ ಕೇಳಿದೆ.

ಡೈರಿಯನ್ನು ಮತ್ತೆ ಮೊದಲಿಂದ ಓದಿದೆ. 2021ರ ಆಗಸ್ಟ್‌ನಿಂದ 2022ರ ಏಪ್ರಿಲ್‌ವರೆಗೆ, ಒಂಬತ್ತು ತಿಂಗಳಲ್ಲಿ ಆರು ಕಡೆ "ಟೈಲರ್ 11" ಅಂತ ಇತ್ತು. ಅಕ್ಟೋಬರ್, ಜನವರಿ, ಮಾರ್ಚ್‌ನಲ್ಲಿ ಮಾತ್ರ "9". ಇದನ್ನು ನೋಡಿದ ನನ್ನ ಮೈದುನ ಬೇರೆಯೇ ಅರ್ಥ ಹೇಳಿದ. ಅವನ ಪ್ರಕಾರ ಆಗ ಬಾಡಿಗೆಯನ್ನೇ 11,000ಕ್ಕೆ ಏರಿಸಿದ್ದರು. 9 ಕೊಟ್ಟ ತಿಂಗಳುಗಳಲ್ಲಿ ಟೈಲರ್ ಕಡಿಮೆ ಕೊಟ್ಟಿದ್ದಾರೆ, ಅಂದರೆ ಬಾಕಿ ಇನ್ನೂ ಜಾಸ್ತಿ. ಒಂದೇ ಅಂಕಿ, ಇಬ್ಬರಿಗೆ ಎರಡು ಅರ್ಥ. ಬರೆದವರು ಮೂರನೆಯವರು, ಅವರು ಈಗಿಲ್ಲ.

ಏರಿಕೆ ಅನ್ನುವ ವಾದ ನಿಲ್ಲಲಿಲ್ಲ. 2022ರ ಮೇ ತಿಂಗಳಿಂದ ಡೈರಿಯಲ್ಲಿ ಮತ್ತೆ ಒಂದೇ ಸಮ "9". ಬೆಂಗಳೂರಲ್ಲಿ ಏರಿಸಿದ ಬಾಡಿಗೆಯನ್ನು ಒಂಬತ್ತು ತಿಂಗಳಿಗೆ ಇಳಿಸಿದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಆ 2,000 ಹಳೆ ಬಾಕಿಯ ಕಂತೇ. ಆರು ಕಂತು, 12,000 ಸಿಕ್ಕಂತಾಯಿತು. ಉಳಿದದ್ದು 6,000.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಪರಿಚಯದ ವಕೀಲರನ್ನು ಕೇಳಿದೆ. ಕೊಟ್ಟಿದ್ದೇನೆ ಅನ್ನುವವರೇ ಅದನ್ನು ತೋರಿಸಬೇಕು ಅಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು, ಅದು ನನಗೆ ಹೊಸದು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಹಣ ಯಾವ ಬಾಕಿಗೆ ಜಮಾ ಆಗಬೇಕು ಅನ್ನುವುದಕ್ಕೇ ನಿಯಮವಿದೆ. ಕೊಡುವವರು "ಇದು ಇಂಥ ಬಾಕಿಗೆ" ಅಂತ ಹೇಳಿ ಕೊಟ್ಟರೆ, ತಗೊಂಡವರು ಅದಕ್ಕೇ ಜಮಾ ಮಾಡಬೇಕು. ಏನೂ ಹೇಳದೆ ಕೊಟ್ಟರೆ, ತಗೊಂಡವರು ತಮಗೆ ಬೇಕಾದ ಬಾಕಿಗೆ ಜಮಾ ಮಾಡಿಕೊಳ್ಳಬಹುದು. ಇಬ್ಬರೂ ಏನೂ ಮಾಡದಿದ್ದರೆ ಹಳೆಯದರಿಂದ ಶುರುವಾಗಿ ತೀರುತ್ತಾ ಬರುತ್ತದೆ. ಯೋಚಿಸಿ ನೋಡಿ: ನೀವು ಜುಲೈ ಬಾಡಿಗೆ ಅಂದುಕೊಂಡು ಸುಮ್ಮನೆ ಕೊಟ್ಟ ದುಡ್ಡನ್ನು ಓನರ್ ಹೋದ ವರ್ಷದ ಬಾಕಿಗೆ ಹಾಕಿಕೊಂಡು, "ಜುಲೈ ಬಾಡಿಗೆ ಬಂದಿಲ್ಲ" ಅನ್ನಬಹುದು. ತಿಂಗಳ ಹೆಸರು ಬರೆಸಿಕೊಳ್ಳಬೇಕು ಅನ್ನುವುದು ಇದಕ್ಕೇ.

ಉಳಿದ ಮೂರು ಕಂತಿನ ಬಗ್ಗೆ ಟೈಲರ್ ಹೇಳಿದ್ದು, "ಆ ತಿಂಗಳು ಬಾಡಿಗೆ ಮೊದಲು ಕೊಟ್ಟೆ, 2,000 ಆಮೇಲೆ ತಂದುಕೊಟ್ಟೆ. ಯಜಮಾನರು ಊರಿಗೆ ಹೋಗಿದ್ರು, ಅಮ್ಮನ ಕೈಗೆ ಕೊಟ್ಟೆ." ಅತ್ತೆಗೆ ನೆನಪಿರಲಿಲ್ಲ. ಆದರೆ ಅತ್ತೆಗೆ ಒಂದು ಅಭ್ಯಾಸ ಇದೆ. ಹಾಲು, ಗ್ಯಾಸ್ ಸಿಲಿಂಡರ್ ಬಂದ ದಿನ, ಕೆಲಸದವಳ ರಜೆ, ಎಲ್ಲವನ್ನೂ ಅಡುಗೆಮನೆ ಕ್ಯಾಲೆಂಡರ್ ಮೇಲೆ ಆಯಾ ತಾರೀಕಿನ ಚೌಕದಲ್ಲೇ ಬರೆಯುತ್ತಾರೆ. ಹಳೆ ಕ್ಯಾಲೆಂಡರ್‌ಗಳನ್ನು ಸುತ್ತಿ ಅಟ್ಟದ ಮೇಲೆ ಇಡುತ್ತಾರೆ. ಇಳಿಸಿ ನೋಡಿದೆವು. ಅಕ್ಟೋಬರ್ 19ರ ಚೌಕದಲ್ಲಿ, "ಗ್ಯಾಸ್" ಅಂತ ಬರೆದ ಕೆಳಗೆ, ಪೆನ್ಸಿಲ್‌ನಲ್ಲಿ "ಟೈ 2000". ಜನವರಿಯಲ್ಲೂ ಸಿಕ್ಕಿತು. ಮಾರ್ಚ್‌ನಲ್ಲಿ ಏನೂ ಇರಲಿಲ್ಲ.

ಆಗ ಟೈಲರ್ ತಮ್ಮ ಅಳತೆ ಪುಸ್ತಕ ತಂದರು. ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ನೋಟ್ ಪುಸ್ತಕ. ಹಿಂದಿನ ಪುಟದಲ್ಲಿ ಖರ್ಚು: ದಾರ, ಗುಂಡಿ, ಕರೆಂಟು, ನಡುವೆ "ಮನೆ ಬಾಕಿ 2000". ಅದರಲ್ಲಿದ್ದ ಅಕ್ಟೋಬರ್, ಜನವರಿಯ ತಾರೀಕುಗಳು ಅತ್ತೆಯ ಕ್ಯಾಲೆಂಡರ್‌ನ ತಾರೀಕುಗಳಿಗೆ ಸರಿಯಾಗಿ ಕೂಡಿದವು. ಮಾರ್ಚ್ ಕೂಡ ಅದರಲ್ಲಿತ್ತು, ನಮ್ಮ ಕಡೆ ಮಾತ್ರ ಇರಲಿಲ್ಲ. ಒಬ್ಬರಿಗೊಬ್ಬರು ತೋರಿಸದೆ, ಆಯಾ ದಿನವೇ ಬರೆದ ಎರಡು ಪುಸ್ತಕ ಎರಡು ಕಡೆ ಕೂಡಿದರೆ, ಮೂರನೆಯದನ್ನೂ ಒಪ್ಪಬೇಕು ಅಂತ ನಾನು ಹೇಳಿದೆ. ನನ್ನ ಗಂಡ ಒಪ್ಪಿದರು. ಪೇಂಟಿಂಗ್‌ಗೆ ಅಗ್ರಿಮೆಂಟ್‌ನಲ್ಲಿದ್ದ ಒಂದು ತಿಂಗಳ ಬಾಡಿಗೆ ವಜಾ ಮಾಡಿ 81,000 ಬ್ಯಾಂಕ್ ಮೂಲಕ ಹಾಕಿದೆವು. "ಪೇಂಟಿಂಗ್ ದುಡ್ಡು ಕಳೆದು ಅಡ್ವಾನ್ಸ್ ಪೂರ್ತಿ ಬಂತು, ಮನೆ ಒಪ್ಪಿಸಿದ್ದೇನೆ" ಅಂತ ಅವರಿಂದ ಬರೆಸಿಕೊಂಡೆ. ಅಡ್ವಾನ್ಸ್ ವಾಪಸ್ ಕೊಟ್ಟಾಗ ಓನರ್‌ಗೂ ರಸೀದಿ ಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ಅದೃಷ್ಟಕ್ಕೆ ಕ್ಯಾಲೆಂಡರ್ ಇತ್ತು. ಅದೃಷ್ಟದ ಮೇಲೆ ನಾಲ್ಕು ಮನೆ ನಡೆಸೋಕೆ ಆಗಲ್ಲ ಅಂತ ಅವೆನ್ಯೂ ರಸ್ತೆಗೆ ಹೋಗಿ ನಂಬರ್ ಹಾಕಿದ, ಕಾರ್ಬನ್ ಇಟ್ಟು ಬರೆಯುವ ರಸೀದಿ ಪುಸ್ತಕ ತಂದೆ. ಅಂಗಡಿಯಲ್ಲಿ ಸಿಗುವ ಪುಸ್ತಕದಲ್ಲಿ ತಾರೀಕು, ಹೆಸರು, ಮೊತ್ತ ಇರುತ್ತದೆ. ನಾನು ಪ್ರತಿಯೊಂದರಲ್ಲೂ ಇನ್ನೆರಡು ಸಾಲು ಕೈಯಲ್ಲಿ ಸೇರಿಸುತ್ತೇನೆ. ಒಂದು, ಯಾವ ತಿಂಗಳು, ಯಾವ ಬಾಬ್ತು. ನೀರಿನ ದುಡ್ಡು ಬೇರೆ, ಬಾಡಿಗೆ ಬೇರೆ. ಎರಡನೆಯದು "ಈ ದಿನಕ್ಕೆ ಬಾಕಿ". ಬಾಕಿ ಇಲ್ಲದಿದ್ದರೂ "ಬಾಕಿ ಇಲ್ಲ" ಅಂತಲೇ ಬರೆಯುತ್ತೇನೆ, ಖಾಲಿ ಬಿಡುವುದಿಲ್ಲ. ಈ ಸಾಲು ಇದ್ದರೆ ಹಿಂದಿನ ಎಲ್ಲ ತಿಂಗಳ ಜಗಳ ಆ ರಸೀದಿಗೇ ಮುಗಿಯಿತು. ಮಾವನ ಕಾಲದಲ್ಲಿ 2022ರ ಏಪ್ರಿಲ್‌ನಲ್ಲಿ ಇಂಥ ಒಂದು ಸಾಲು ಇದ್ದಿದ್ದರೆ ಅಟ್ಟ ಹತ್ತುವ ಕೆಲಸವೇ ಇರಲಿಲ್ಲ.

5,000 ಮೀರಿದ ಕ್ಯಾಶ್‌ಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಅದರ ಮೇಲೂ ಕಾಗದದ ಮೇಲೂ ಹಾಯುವಂತೆ ಹಾಕುತ್ತೇನೆ. ಸ್ಟಾಂಪ್ ಇಲ್ಲದ ರಸೀದಿ ಕೋರ್ಟಿಗೆ ಹೋದಾಗ ಸುಮ್ನೆ ತಕರಾರು.

ಕೆಳಗಿನ ಮನೆಯ ಹುಡುಗ ಐಟಿ ಕಂಪನಿಯವನು. ಸಂಬಳದಲ್ಲಿ ಬರುವ ಬಾಡಿಗೆ ಭತ್ಯೆಗೆ ಟ್ಯಾಕ್ಸ್ ವಿನಾಯಿತಿ ಪಡೆಯಲು, ಜನವರಿ ಬಂದರೆ "ಆಂಟಿ, ಎಚ್‌ಆರ್‌ಎಗೆ ಹನ್ನೆರಡು ರಸೀದಿ ಒಟ್ಟಿಗೆ ಬೇಕು" ಅನ್ನುತ್ತಿದ್ದ. ಹಿಂದಿನ ತಾರೀಕು ಹಾಕಿ, ಒಂದೇ ಪೆನ್ನಲ್ಲಿ ಹನ್ನೆರಡು ಸಹಿ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಅದು ಆಫೀಸಿನ ಫೈಲ್‌ಗೆ ಆಗಬಹುದು, ಜಗಳ ಬಂದಾಗ ಒಂದು ನಿಮಿಷವೂ ನಿಲ್ಲುವುದಿಲ್ಲ. ಅವನಿಗೂ ತಿಂಗಳು ತಿಂಗಳು ರಸೀದಿ ಕೊಡುತ್ತೇನೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು, ಅದನ್ನೂ ಕೊಡುತ್ತೇನೆ. ಪ್ಯಾನ್ ಕೊಟ್ಟರೆ ಟ್ಯಾಕ್ಸ್ ಬೀಳುತ್ತದೆ ಅಂತ ರಸೀದಿಯನ್ನೇ ಕೊಡದ ಓನರ್‌ಗಳು ನಮ್ಮ ಬೀದಿಯಲ್ಲೇ ಇದ್ದಾರೆ. ಬಾಡಿಗೆ ಆದಾಯದಲ್ಲಿ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ಬಿಟ್ಟು, ಮಿಕ್ಕಿದ್ದನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತಾರೆ. ನಮ್ಮಂಥ ಸಣ್ಣ ಓನರ್‌ಗಳಿಗೆ ಆ ಭಯ ಬೇಡ.

ಯುಪಿಐ ಬಂದಮೇಲೆ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ದುಡ್ಡು ಬಂದಿದ್ದಕ್ಕೆ ಅದು ಗಟ್ಟಿ ಸಾಕ್ಷಿ, ಅನುಮಾನವಿಲ್ಲ. ಯಾವ ತಿಂಗಳದ್ದು ಅನ್ನುವುದನ್ನು ಮಾತ್ರ ಅದು ತಾನಾಗಿ ಹೇಳುವುದಿಲ್ಲ. ಬಾಡಿಗೆದಾರರ ತಮ್ಮನ ಫೋನಿಂದ ಬಂದರೆ ಯಾರದ್ದು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೇ ಕಳಿಸುವಾಗ ಬರೆಯುವ ಜಾಗದಲ್ಲಿ "ಜುಲೈ ಬಾಡಿಗೆ, ಮೇಲಿನ ಮನೆ" ಅಂತ ಹಾಕಿಸುತ್ತೇನೆ.

ಓನರ್ ಕ್ಯಾಶೇ ಬೇಕು ಅಂತಾರೆ, ರಸೀದಿ ಕೊಡಲ್ಲ ಅಂತಾರೆ, ಮನೆ ಬಿಡೋಕೆ ಆಗಲ್ಲ: ಹೀಗೆ ಸಿಕ್ಕಿಕೊಂಡವರು ನನ್ನನ್ನು ಕೇಳುತ್ತಾರೆ. ನಮ್ಮ ತಂಗಿಯೇ ಒಬ್ಬಳು. ಅವಳಿಗೆ ಹೇಳಿಕೊಟ್ಟಿದ್ದು ಇದು. ಬಾಡಿಗೆಯ ದುಡ್ಡನ್ನು ಕೊಡುವ ದಿನವೇ ಎಟಿಎಂನಿಂದ ತೆಗೆ, ಅದೇ ಮೊತ್ತ, ಬೇರೆ ಖರ್ಚಿನ ಜೊತೆ ಸೇರಿಸಬೇಡ. ಅದರಿಂದ ದುಡ್ಡು ಕೈಗೆ ಬಂದಿದ್ದು ಗೊತ್ತಾಗುತ್ತದೆ, ಓನರ್‌ಗೆ ಹೋಗಿದ್ದು ಗೊತ್ತಾಗುವುದಿಲ್ಲ. ಆದ್ದರಿಂದ ಕೊಟ್ಟ ಸಂಜೆಯೇ ವಾಟ್ಸಾಪ್‌ನಲ್ಲಿ ಮರ್ಯಾದೆಯಾಗಿ ಒಂದು ಮೆಸೇಜ್ ಹಾಕು: "ಅಂಕಲ್, ಇವತ್ತು ನಿಮ್ಮ ಕೈಗೆ ಕೊಟ್ಟ 14,000 ಜುಲೈ ಬಾಡಿಗೆ. ಹಿಂದಿನ ಬಾಕಿ ಏನೂ ಇಲ್ಲ ಅಲ್ವಾ?" ಕೊನೆಯಲ್ಲಿ ಪ್ರಶ್ನೆ ಇದ್ದರೆ ಜನ ಉತ್ತರ ಕೊಡುತ್ತಾರೆ. "ಹೂಂ" ಅಂತ ಬಂದರೂ ಸಾಕು. ಉತ್ತರ ಬಾರದಿದ್ದರೂ ಪ್ರತಿ ತಿಂಗಳು ಹಾಕುತ್ತಿರು, ಇಷ್ಟು ತಿಂಗಳು ಸುಮ್ಮನಿದ್ದು ಕೊನೆಗೆ "ಬಂದೇ ಇಲ್ಲ" ಅನ್ನುವುದು ಅವರಿಗೆ ಕಷ್ಟ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಮೆಸೇಜ್ ಅಳಿಸಬೇಡ. ಕೋರ್ಟಿನವರೆಗೆ ಹೋದರೆ ಪ್ರಿಂಟ್ ಜೊತೆ ಪ್ರಮಾಣಪತ್ರ ಕೇಳುತ್ತಾರೆ, ಆಗ ಮೂಲ ಮೆಸೇಜ್ ಫೋನಿನಲ್ಲೇ ಇದ್ದರೆ ಒಳ್ಳೆಯದು. ಫೋನ್ ಬದಲಾಯಿಸುವಾಗ ಹಳೇ ಮೆಸೇಜ್‌ಗಳೆಲ್ಲ ಹೊಸದಕ್ಕೆ ಬಂದಿವೆಯಾ ನೋಡಿಕೊಂಡೇ ಹಳೆಯದನ್ನು ಮಾರು.