ಹಳೇ ವೆಬ್‌ಸೈಟಿನ ಅಂಗಡಿಗೆ ಮೊದಲ ಇಮೇಲ್ ಬರೆಯುವುದು ಹೇಗೆ?

ನನ್ನ ಸೋದರಮಾವನದು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಒಮ್ಮೆ ಯಾವುದೋ ಬಿಲ್ ಹುಡುಕಿಕೊಡು ಅಂತ ಫೋನ್ ಕೈಗೆ ಕೊಟ್ಟರು. ಇಮೇಲ್ ತೆರೆದವನು ಸುಮ್ನೆ ಎಣಿಸಿದೆ. ಒಂದೇ ವಾರದಲ್ಲಿ ‘ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ’ ಎನ್ನುವಂಥವು ಒಂಬತ್ತು. ‘ನಿಮ್ಮ ಡೊಮೇನ್ ಇವತ್ತೇ ಮುಗಿಯುತ್ತದೆ, ಈ ಲಿಂಕಿನಲ್ಲಿ ಹಣ ಕಟ್ಟಿ’ ಎನ್ನುವ ಮೋಸದವು ಎರಡು. ಮಾವ ಒಂದನ್ನೂ ತೆರೆದಿರಲಿಲ್ಲ.

ನಾವು ಫ್ರೀಲ್ಯಾನ್ಸ್ ವೆಬ್ ಡಿಸೈನರ್‌ಗಳು ‘ನಿಮ್ಮ ವೆಬ್‌ಸೈಟ್ ತುಂಬಾ ಹಳೆಯದಾಗಿದೆ, ಹೊಸದು ಮಾಡಿಕೊಡುತ್ತೇನೆ’ ಅಂತ ಬರೆದರೆ ಅದು ಹನ್ನೆರಡನೆಯದಾಗಿ ಅಲ್ಲೇ ಬಿದ್ದಿರುತ್ತದೆ. ಅಕಸ್ಮಾತ್ ಓದಿದರೂ ಬೇಜಾರಾಗುತ್ತದೆ. ಆ ವೆಬ್‌ಸೈಟ್ ಮಾಡಿದ್ದು ಯಜಮಾನರ ತಂಗಿಯ ಮಗನೇ ಇರಬಹುದು ಅಲ್ವಾ? ಅದಕ್ಕೇ ನಾನು ಈಗ ಅಂದಚಂದದ ಮಾತು ಎತ್ತುವುದೇ ಇಲ್ಲ. ಅಂಗಡಿಯವರು ತಮ್ಮದೇ ಫೋನಿನಲ್ಲಿ ಒಂದು ನಿಮಿಷದಲ್ಲಿ ನೋಡಿಕೊಳ್ಳಬಹುದಾದ ಒಂದೇ ಒಂದು ತಪ್ಪನ್ನು ಹೇಳುತ್ತೇನೆ. ಅದು ಹೇಗೆ ಅಂತ ಚನ್ನಪಟ್ಟಣದ ಒಂದು ಬೊಂಬೆ ಅಂಗಡಿಗೆ ಬರೆದ ಇಮೇಲ್ ಇಟ್ಟುಕೊಂಡು ನೋಡೋಣ.

ಮೊದಲು ಫೋನಿನಲ್ಲಿ ನೋಡಿ

ಲ್ಯಾಪ್‌ಟಾಪ್ ಬದಿಗಿಡಿ. ಗಿರಾಕಿ ನೋಡುವುದು ಫೋನಿನಲ್ಲಿ, ಅದೂ ಮೊಬೈಲ್ ಡೇಟಾದಲ್ಲಿ. ನೀವೂ ಹಾಗೆಯೇ ನೋಡಿ.

ಈ ಅಂಗಡಿಯ ವೆಬ್‌ಸೈಟ್ ತೆರೆದಾಗ ಅಕ್ಷರಗಳು ಇರುವೆಯಷ್ಟು ಚಿಕ್ಕದಾಗಿದ್ದವು. ಎರಡು ಬೆರಳಿನಿಂದ ಹಿಗ್ಗಿಸದೆ ಏನೂ ಓದಲು ಆಗುತ್ತಿರಲಿಲ್ಲ. ಮೇಲೆ ವಿಳಾಸದ ಪಕ್ಕ `Not secure` ಎಂದಿತ್ತು. ಬೀಗದ ಸಂಪರ್ಕ ಇಲ್ಲದ, ಅಂದರೆ `http://` ಎಂದಷ್ಟೇ ಶುರುವಾಗುವ ಎಲ್ಲ ಸೈಟ್‌ಗಳ ಮೇಲೂ ಕ್ರೋಮ್ 2018ರ ಜುಲೈಯಿಂದ ಈ ಪಟ್ಟಿ ಹಚ್ಚುತ್ತಿದೆ. ಮುಖಪುಟದ ನಡುವೆ ಒಂದು ದೊಡ್ಡ ಖಾಲಿ ಜಾಗ. ಅಲ್ಲಿ ಒಂದು ಕಾಲಕ್ಕೆ ಫ್ಲ್ಯಾಶ್‌ನಲ್ಲಿ ಮಾಡಿದ ಬೊಂಬೆ ಕುಣಿಯುತ್ತಿತ್ತು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು, ಬೊಂಬೆಯೂ ನಿಂತಿತು. ಅದರ ಕೆಳಗೆ ಕನ್ನಡ ಇರಬೇಕಾದ ಕಡೆ `PÀ£ÀßqÀ` ಥರದ ಅಕ್ಷರಗಳು. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಅಂತ ನಮ್ಮ ಕಸುಬಿನವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಪುಟ ಎಷ್ಟು ವರ್ಷದಿಂದ ಹಾಗೇ ಇದೆ ಎಂದು ತಿಳಿಯಲು ಪುಟದ ತಳದ ಕಾಪಿರೈಟ್ ವರ್ಷವನ್ನು ನಂಬಬೇಡಿ. ಅದನ್ನು ತಾನಾಗಿಯೇ ಬದಲಾಗುವಂತೆ ಬರೆಯುವುದು ಸುಲಭ. ಇಲ್ಲಿ ನನಗೆ ಸುಳಿವು ಕೊಟ್ಟದ್ದು ಬೇರೆ. ವಿಳಾಸದ ಕೆಳಗೆ ವ್ಯಾಟ್ ಕಾಲದ ಟಿನ್ ನಂಬರ್ ಇತ್ತು, ಜಿಎಸ್‌ಟಿ ನಂಬರ್ ಇರಲಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಅಂದರೆ ಆ ಸಾಲನ್ನು ಅಲ್ಲಿಂದ ಈಚೆಗೆ ಯಾರೂ ಮುಟ್ಟಿಲ್ಲ. ಖಾತ್ರಿ ಬೇಕಿದ್ದರೆ `web.archive.org`ನಲ್ಲಿ ಹಳೇ ಪ್ರತಿಗಳು ಸಿಗಬಹುದು.

ಆಮೇಲೆ ಅಲ್ಲಿದ್ದ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದೆ. ಈ ನಂಬರ್ ಬಳಕೆಯಲ್ಲಿಲ್ಲ ಎಂಬ ಉತ್ತರ ಬಂತು. ಗೂಗಲ್ ಮ್ಯಾಪ್‌ನಲ್ಲಿ ಅದೇ ಅಂಗಡಿಗೆ ಒಂದು ಮೊಬೈಲ್ ನಂಬರ್ ಇತ್ತು. ಅದು ಹೋಯಿತು. ಆ ಕಡೆಯವರು ‘ಹೇಳಿ’ ಅಂದರು. ಅಂಗಡಿಯದೇ ನಂಬರ್ ಅಂತ ಖಚಿತ ಮಾಡಿಕೊಂಡು ಇಟ್ಟೆ.

ನೋಡುವುದು ಇಷ್ಟಕ್ಕೇ ನಿಲ್ಲಲಿ. ಲಾಗಿನ್ ಪುಟ ಹುಡುಕುವುದು, ಪಾಸ್‌ವರ್ಡ್ ಊಹಿಸಿ ನೋಡುವುದು ಬೇಡವೇ ಬೇಡ. ಅದು ಬೇರೆಯವರ ಅಂಗಡಿಯ ಹಿಂಬಾಗಿಲು ತಳ್ಳಿ ನೋಡಿದ ಹಾಗೆ.

ಐದರಲ್ಲಿ ಒಂದೇ ತಪ್ಪು

ಈಗ ಕೈಯಲ್ಲಿ ಐದು ತಪ್ಪುಗಳಿವೆ. ಎಲ್ಲವನ್ನೂ ಬರೆಯಲು ಕೈ ತುರಿಸುತ್ತದೆ. ಬರೆದರೆ ಅದು ಛೀಮಾರಿ ಹಾಕಿದಂತೆ ಕಾಣುತ್ತದೆ. ಒಂದೊಂದಕ್ಕೂ ಈ ಪ್ರಶ್ನೆ ಹಾಕಿ: ಇದರಿಂದ ಗಿರಾಕಿ ಏನು ಮಾಡಲಾಗದೆ ವಾಪಸ್ ಹೋಗುತ್ತಾನೆ?

ಫ್ಲ್ಯಾಶ್ ಬೊಂಬೆ ಕುಣಿಯದಿದ್ದರೆ ಯಾರಿಗೂ ನಷ್ಟವಿಲ್ಲ. ಚಿಕ್ಕ ಅಕ್ಷರ ತೊಂದರೆಯೇ, ಆದರೆ ಹಿಗ್ಗಿಸಿ ಓದುವವರಿದ್ದಾರೆ. ಕೆಟ್ಟ ಕನ್ನಡದ ಜೊತೆಗೆ ಇಂಗ್ಲಿಷ್ ಸಾಲುಗಳೂ ಇದ್ದವು. `Not secure` ಎಂಬುದನ್ನು ನಾನು ಬೇಕೆಂದೇ ಬಿಡುತ್ತೇನೆ. ‘ನಿಮ್ಮ ಸೈಟ್ ಸುರಕ್ಷಿತವಲ್ಲ’ ಎಂದು ಗುರುತಿಲ್ಲದವರು ಬರೆದರೆ ಅದು ಆ ಡೊಮೇನ್ ಮೋಸದ ಇಮೇಲ್‌ನ ಅಣ್ಣನಂತೆ ಕಾಣುತ್ತದೆ.

ಉಳಿದದ್ದು ಫೋನ್ ನಂಬರ್. ಚನ್ನಪಟ್ಟಣದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲು ಬೆಂಗಳೂರು–ಮೈಸೂರು ಕಾರುಗಳು ಊರೊಳಗೇ ಹೋಗುತ್ತಿದ್ದವು. ಬೊಂಬೆ ಕಂಡರೆ ಮಕ್ಕಳು ಹಟ ಮಾಡಿ ನಿಲ್ಲಿಸುತ್ತಿದ್ದರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗೇ ಹೋಗುತ್ತದೆ. ಈಗ ಅಂಗಡಿಗೆ ಬರಬೇಕಾದರೆ ಮನಸ್ಸು ಮಾಡಿ ಒಳಗೆ ತಿರುಗಬೇಕು. ಹಾಗೆ ತಿರುಗುವ ಮುಂಚೆ ‘ಇವತ್ತು ತೆರೆದಿದೆಯಾ?’ ಅಂತ ಒಂದು ಫೋನ್ ಮಾಡುತ್ತಾರೆ. ಆ ಫೋನ್ ಹೋಗದಿದ್ದರೆ ಕಾರು ನೇರ ಮೈಸೂರಿಗೆ.

ಯಾವ ವಿಳಾಸಕ್ಕೆ, ಯಾವಾಗ

ವೆಬ್‌ಸೈಟ್‌ನಲ್ಲಿರುವ ಇಮೇಲ್ ವಿಳಾಸವೂ ಆ ಲ್ಯಾಂಡ್‌ಲೈನಿನ ವಯಸ್ಸಿನದೇ ಆಗಿರುತ್ತದೆ. ಬಿಲ್ಲಿನ ಮೇಲೆ ಅಥವಾ ವಿಸಿಟಿಂಗ್ ಕಾರ್ಡಿನಲ್ಲಿ ಇರುವುದು ವಾಸಿ. ಎಷ್ಟೋ ಅಂಗಡಿಗಳಲ್ಲಿ ಇಮೇಲ್ ಇರುವುದೇ ಜಿಎಸ್‌ಟಿ ಒಟಿಪಿಗೋಸ್ಕರ. ಅದನ್ನು ತೆರೆಯುವವರು ಮಗ, ಸೊಸೆ ಅಥವಾ ಲೆಕ್ಕ ಬರೆಯುವವರು. ಆದ್ದರಿಂದ ಬೇರೆಯವರು ಓದಿ ಯಜಮಾನರಿಗೆ ಹೇಳಲು ಆಗುವಂತೆ ಬರೆಯಬೇಕು.

ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಕು ಗಡುವು. ಆ ದಿನಗಳ ಆಸುಪಾಸು ಕಳಿಸಬೇಡಿ. ದಸರಾ ವಾರದಲ್ಲೂ ಬೇಡ. ನಾನು 22ರ ಮೇಲೆ, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಕಳಿಸುತ್ತೇನೆ.

ಇಮೇಲ್ ಹೀಗಿತ್ತು

> ವಿಷಯ: ನಿಮ್ಮ ವೆಬ್‌ಸೈಟ್‌ನಲ್ಲಿರುವ ಲ್ಯಾಂಡ್‌ಲೈನ್ ನಂಬರ್ ಹೋಗುತ್ತಿಲ್ಲ
>
> ನಮಸ್ಕಾರ ಸರ್,
>
> ನಾನು ರಾಮನಗರದಲ್ಲಿರುವ ವೆಬ್ ಡಿಸೈನರ್. ಮೊನ್ನೆ ನಿಮ್ಮ ಬೊಂಬೆ ಅಂಗಡಿಯ ವೆಬ್‌ಸೈಟನ್ನು ಫೋನಿನಲ್ಲಿ ನೋಡಿದೆ. ಅದರಲ್ಲಿರುವ ಲ್ಯಾಂಡ್‌ಲೈನ್‌ಗೆ ಮಾಡಿದರೆ ಬಳಕೆಯಲ್ಲಿಲ್ಲ ಎಂದು ಬರುತ್ತದೆ. ಗೂಗಲ್ ಮ್ಯಾಪ್‌ನಲ್ಲಿರುವ ನಿಮ್ಮ ಮೊಬೈಲ್ ನಂಬರ್ ಸರಿಯಿದೆ, ಆದರೆ ಅದು ವೆಬ್‌ಸೈಟ್‌ನಲ್ಲಿ ಎಲ್ಲೂ ಇಲ್ಲ. ಎಕ್ಸ್‌ಪ್ರೆಸ್‌ವೇಯಿಂದ ಒಳಗೆ ಬರುವ ಮುಂಚೆ ವಿಚಾರಿಸಲು ಫೋನ್ ಮಾಡುವವರಿಗೆ ನೀವು ಸಿಗುವುದಿಲ್ಲ. ನೀವೇ ಒಮ್ಮೆ ನೋಡಿ.
>
> ವೆಬ್‌ಸೈಟ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಇದನ್ನು ಅವರಿಗೇ ಕಳಿಸಿ, ಅರ್ಧ ಗಂಟೆಯ ಕೆಲಸ. ಯಾರೂ ಇಲ್ಲದಿದ್ದರೆ ನಾನು ಮಾಡಿಕೊಡಬಲ್ಲೆ. ‘ಹೂಂ’ ಅಂತ ಒಂದು ಉತ್ತರ ಹಾಕಿದರೆ ಸಾಕು, ಅಂಗಡಿಗೇ ಬಂದು ಮಾತಾಡುತ್ತೇನೆ.

ಕೆಳಗೆ ನನ್ನ ಹೆಸರು, ಊರು, ಫೋನ್ ನಂಬರ್. ಲಿಂಕ್ ಇಲ್ಲ, ಫೈಲ್ ಇಲ್ಲ, ರೇಟು ಇಲ್ಲ. ಗುರುತಿಲ್ಲದವರ ಲಿಂಕ್ ಒತ್ತಬೇಡಿ ಎಂದು ಬ್ಯಾಂಕಿನವರು ಹೇಳಿ ಹೇಳಿ ಅಂಗಡಿಯವರಿಗೆ ಅಭ್ಯಾಸ ಮಾಡಿಸಿದ್ದಾರೆ. ಅದು ಒಳ್ಳೆಯ ಅಭ್ಯಾಸ, ನಾವು ಕೆಡಿಸುವುದು ಬೇಡ. ‘ಗಿರಾಕಿಯಾಗಿ ಫೋನ್ ಮಾಡಿದ್ದೆ’ ಎಂಬ ಕತೆಯನ್ನೂ ಕಟ್ಟಬೇಡಿ. ಅಂಗಡಿಗೆ ಹೋಗಿ ಕೂತಾಗ ‘ಯಾವ ಬೊಂಬೆ ಬೇಕಿತ್ತು?’ ಅಂತ ಕೇಳಿದರೆ ಕಷ್ಟ.

‘ಅವರಿಗೇ ಕಳಿಸಿ’ ಎಂಬ ಸಾಲು ನೋಡಿ ಗೆಳೆಯನೊಬ್ಬ ಕೈಗೆ ಬಂದ ಕೆಲಸ ಬಿಟ್ಟುಕೊಡುತ್ತೀಯಲ್ಲ ಎಂದ. ವೆಬ್‌ಸೈಟ್ ನೋಡಿಕೊಳ್ಳುವವರು ನಿಜವಾಗಿ ಇದ್ದಿದ್ದರೆ ಇಷ್ಟು ವರ್ಷ ಟಿನ್ ನಂಬರ್ ಅಲ್ಲಿ ಉಳಿಯುತ್ತಿತ್ತೇ? ಆ ಸಾಲು ನಾನು ದುಡ್ಡಿಗೆ ಗಂಟುಬಿದ್ದಿಲ್ಲ ಎಂದು ತೋರಿಸುತ್ತದೆ, ಅಷ್ಟೇ.

ಕಳಿಸುವ ಮುಂಚೆ ಒಂದು ಪರೀಕ್ಷೆ. ನಿಮ್ಮದೇ ಡೊಮೇನಿನ ವಿಳಾಸದಿಂದ ಬರೆಯುವುದಾದರೆ ಮೊದಲು ನಿಮ್ಮ ಜಿಮೇಲ್‌ಗೆ ಕಳಿಸಿ. ಕಂಪ್ಯೂಟರಿನಲ್ಲಿ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ `Show original` ಒತ್ತಿ. ಅಲ್ಲಿ `SPF` ಮತ್ತು `DKIM` ಎದುರು `PASS` ಎಂದಿರಬೇಕು. ಪತ್ರ ನಿಜವಾಗಿ ನಿಮ್ಮ ಡೊಮೇನಿನಿಂದಲೇ ಬಂದಿದೆ ಎಂದು ತೋರಿಸುವ ಗುರುತುಗಳು ಇವು. ಇವೆರಡರಲ್ಲಿ ಒಂದಾದರೂ ಇರಲೇಬೇಕು ಎಂದು ಜಿಮೇಲ್ 2024ರ ಫೆಬ್ರುವರಿಯಿಂದ ಕೇಳುತ್ತಿದೆ. ಇಲ್ಲದಿದ್ದರೆ ನಿಮ್ಮ ಪತ್ರ ಸ್ಪ್ಯಾಮ್‌ಗೆ ಹೋಗಬಹುದು, ಇಲ್ಲವೇ ವಾಪಸ್ ಬರಬಹುದು. ಜೊತೆಗೆ ದಿನಕ್ಕೆ ಎರಡು ಮೂರು ಸಾಕು. ಒಂದೇ ಪತ್ರವನ್ನು ಇನ್ನೂರು ಅಂಗಡಿಗೆ ತಳ್ಳುವುದಾದರೆ ಮೇಲಿನ ಯಾವುದೂ ಬೇಕಿರಲಿಲ್ಲ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಅದೇ ಪತ್ರಕ್ಕೆ ರಿಪ್ಲೈ ಮಾಡಿ ಎರಡು ಸಾಲು ಬರೆಯಿರಿ. ಅದಕ್ಕೂ ಬರದಿದ್ದರೆ ಅಲ್ಲಿಗೆ ಬಿಡಿ.

‘ಹೂಂ’ ಬಂದ ಮೇಲೆ

ನನಗೆ ಐದನೇ ದಿನ ಬಂತು. ಮಗ ಬರೆದಿದ್ದ: ‘ಅಪ್ಪ ಬನ್ನಿ ಅಂದರು. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಬನ್ನಿ.’

ಅಲ್ಲಿ ನನ್ನ ತಪ್ಪು ಗೊತ್ತಾಯಿತು. ಅರ್ಧ ಗಂಟೆಯ ಕೆಲಸ ಎಂದು ಬರೆದಿದ್ದೆ. ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ. ಡೊಮೇನ್ ಕೊಂಡವರು ಹಳೇ ಡಿಸೈನರ್, ಅವರ ಹೆಸರಿನಲ್ಲೇ ಇತ್ತು. ಡೊಮೇನಿನ ನೋಂದಣಿ ವಿವರ ತೋರಿಸುವ ಹೂಯಿಸ್ ಹುಡುಕಾಟದಲ್ಲಿ ಮಾಲೀಕರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತದೆ. ಆದರೆ ಯಾವ ಕಂಪನಿಯಲ್ಲಿ ನೋಂದಾಯಿಸಿದ್ದು, ಯಾವಾಗ ಮುಗಿಯುತ್ತದೆ ಎಂಬುದು ಕಾಣುತ್ತದೆ. ಅದನ್ನು ಹಿಡಿದು ಹಳಬರನ್ನು ಹುಡುಕಿ, ಡೊಮೇನನ್ನು ಯಜಮಾನರ ಇಮೇಲ್‌ಗೆ ವರ್ಗಾಯಿಸಿಕೊಳ್ಳಲು ಮೂರು ವಾರ ಹಿಡಿಯಿತು. ಈಗ ನಾನು ‘ಪಾಸ್‌ವರ್ಡ್ ಕೈಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ’ ಎಂದೇ ಬರೆಯುತ್ತೇನೆ. ಹೋಗುವ ಮುಂಚೆ ಹೂಯಿಸ್ ನೋಡಿಕೊಂಡು ಹೋಗುತ್ತೇನೆ.

ಕೆಲಸ ಮಾತ್ರ ಒಂದು ಸಾಲಿನದು. ಹಳೇ ನಂಬರ್ ಬ್ಯಾನರ್ ಚಿತ್ರದೊಳಗೇ ಸೇರಿಹೋಗಿತ್ತು, ಒತ್ತಿದರೆ ಫೋನ್ ಹೋಗುವಂತಿರಲಿಲ್ಲ. ಚಿತ್ರ ತೆಗೆದು ಇದನ್ನು ಹಾಕಿದೆ:

```
<a href="tel:+91XXXXXXXXXX">ಅಂಗಡಿಗೆ ಫೋನ್ ಮಾಡಿ</a>
```

ಮಗ ತನ್ನ ಫೋನಿನಲ್ಲಿ ವೆಬ್‌ಸೈಟ್ ತೆರೆದು ಅದನ್ನು ಒತ್ತಿದ. ಗಲ್ಲಾಪೆಟ್ಟಿಗೆಯ ಮೇಲಿದ್ದ ಫೋನ್ ರಿಂಗಾಯಿತು. ಯಜಮಾನರು ಕನ್ನಡಕ ಏರಿಸಿಕೊಂಡು ಮಗನ ಫೋನಿನ ಪರದೆ ನೋಡಿದರು. ‘ಎಲ್ಲಾ ಸರಿ, ಅಕ್ಷರ ಯಾಕಪ್ಪಾ ಇಷ್ಟು ಸಣ್ಣ?’ ಎಂದು ಅವರೇ ಕೇಳಿದರು. ವೆಬ್‌ಸೈಟ್ ಹೊಸದು ಮಾಡುವ ಮಾತನ್ನು ನಾನು ಎತ್ತಿದ್ದು ಆಗ.