ಮೂರೂವರೆ ಸಾವಿರದ ಪಿಂಚಣಿ, ಮೂವತ್ತಾರು ಲಕ್ಷದ ಇಡುಗಂಟು

ಕಾಸರಗೋಡಿನ ಕಡೆ ಪಿಂಚಣಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಶಾಲಾ ಮಾಸ್ತರರಿಗೆ ಖಜಾನೆಯಿಂದ ಬರುವ ಪಿಂಚಣಿ. ನನ್ನದು ಅದಲ್ಲ. 1996ರಿಂದ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದು 2023ರಲ್ಲಿ, ಅರವತ್ತು ತುಂಬಿದಾಗ ನಿವೃತ್ತನಾದೆ. ಭವಿಷ್ಯ ನಿಧಿಯ ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆಯಿಂದ ತಿಂಗಳಿಗೆ ಬರುವುದು ಮೂರೂವರೆ ಸಾವಿರದ ಆಸುಪಾಸು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿದದ್ದು 2014ರ ಆಗಸ್ಟ್‌ವರೆಗೆ 6,500 ರೂಪಾಯಿ, ಆಮೇಲೆ 15,000 ರೂಪಾಯಿ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಮೊದಲ ತಿಂಗಳು ಬಂದ ಮೊತ್ತವೇ ಕೊನೆಯವರೆಗೂ ಬರುತ್ತದೆ. ನನ್ನ ನಂತರ ಹೆಂಡತಿಗೆ ಸಿಗುವುದು ಅದರ ಅರ್ಧ.

ಆದ್ದರಿಂದ ನಾವು ನಿಜವಾಗಿ ಬದುಕಬೇಕಾಗಿದ್ದುದು ಇಡುಗಂಟಿನ ಮೇಲೆ. ಭವಿಷ್ಯ ನಿಧಿ, ಗ್ರಾಚ್ಯುಟಿ, ಹೆಂಡತಿಯ ಉಳಿತಾಯ ಎಲ್ಲ ಸೇರಿ 36 ಲಕ್ಷವಾಗಿತ್ತು. ಮನೆ ಸ್ವಂತದ್ದು, ಬಾವಿಯಲ್ಲಿ ನೀರಿದೆ, ತೆಂಗಿನಕಾಯಿ ಕೊಳ್ಳಬೇಕಾಗಿಲ್ಲ. ನಿವೃತ್ತಿಗೆ ಮೊದಲು ಒಂದು ವರ್ಷ ಮನೆಯ ಖರ್ಚನ್ನೆಲ್ಲ ಬರೆದಿಟ್ಟಿದ್ದೆ. ನಿತ್ಯದ ಔಷಧವೂ ಸೇರಿ ಸರಾಸರಿ ತಿಂಗಳಿಗೆ 18,000 ಬೇಕಾಗುತ್ತಿತ್ತು.

36 ಲಕ್ಷದಲ್ಲಿ 16 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಬಡ್ಡಿ ಶೇ. 8.2, ಐದು ವರ್ಷದ ಅವಧಿ. ಅದರಿಂದ ಮೂರು ತಿಂಗಳಿಗೊಮ್ಮೆ 32,800 ರೂಪಾಯಿ ಬರುತ್ತದೆ. 6 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಹೆಸರಿನಲ್ಲಿ ಇಟ್ಟೆ. ಶೇ. 7.4ರಂತೆ ತಿಂಗಳಿಗೆ 3,700 ಬರುತ್ತದೆ. ಪಿಂಚಣಿಯೂ ಸೇರಿದರೆ ತಿಂಗಳಿಗೆ ಸುಮಾರು 18,100. ಮನೆ ಖರ್ಚಿಗೆ ಸರಿಹೋಯಿತು, ಉಳಿದ 14 ಲಕ್ಷವನ್ನು ಮುಟ್ಟಬೇಕಾಗಿಯೇ ಇಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಮೊದಲ ವರ್ಷಕ್ಕೆ ಅದು ನಿಜ.

ಈ ಹಣ ಬರುವ ರೀತಿ ಏರುಪೇರಿನದು. ಉಳಿತಾಯ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಗಳ ಆರಂಭದಲ್ಲಿ ಒಟ್ಟಿಗೆ ಬರುತ್ತದೆ. ಬಂದ ತಿಂಗಳು ಕೈ ಧಾರಾಳವಾಗುತ್ತದೆ, ಮೂರನೆಯ ತಿಂಗಳು ಬಿಗಿಯಾಗುತ್ತದೆ. ಅದಕ್ಕೆ ಎರಡು ಖಾತೆ ಇಟ್ಟುಕೊಂಡಿದ್ದೇನೆ. ಪಿಂಚಣಿ, ಬಡ್ಡಿ ಎಲ್ಲವೂ ಒಂದಕ್ಕೆ ಬಂದು ಬೀಳುತ್ತವೆ. ಅಲ್ಲಿಂದ ಪ್ರತಿ ತಿಂಗಳ ಒಂದನೆಯ ತಾರೀಕಿಗೆ ನಿಗದಿಯಾದ ಮೊತ್ತ ಮಾತ್ರ ತಾನಾಗಿ ಎರಡನೆಯದಕ್ಕೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ. ಮನೆಗೆ ಖರ್ಚು ಮಾಡುವುದು ಆ ಎರಡನೆಯ ಖಾತೆಯಿಂದ ಮಾತ್ರ. ಆ ಮೊತ್ತವನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಹಿಂದಿನ ವರ್ಷದ ಖರ್ಚಿನ ಪುಸ್ತಕ ನೋಡಿ ಬದಲಿಸುತ್ತೇನೆ.

ಇನ್ನು ಉಳಿದ 14 ಲಕ್ಷದ ವಿಷಯ. ಖರ್ಚು ವರ್ಷಕ್ಕೆ ಶೇ. 6ರಂತೆ ಏರುತ್ತದೆ ಎಂದಿಟ್ಟುಕೊಂಡು ಒಂದು ಪಟ್ಟಿ ಬರೆದೆ. ಎಡಗಡೆ ನನ್ನ ವಯಸ್ಸು, ನಡುವೆ ಆ ವರ್ಷ ತಿಂಗಳಿಗೆ ಬೇಕಾಗುವ ಹಣ, ಬಲಗಡೆ ಬರುವ ಹಣ. ಬಲಗಡೆಯ ಅಂಕಿ 18,100ರಲ್ಲೇ ನಿಂತಿತು. ನಡುವಿನದು 65ಕ್ಕೆ 24,000 ಆಯಿತು, 70ಕ್ಕೆ 32,000 ಆಯಿತು, 75ಕ್ಕೆ 43,000 ಆಯಿತು. ಈ ಅಂತರವನ್ನು ತುಂಬಲು ಆ 14 ಲಕ್ಷದಲ್ಲಿ 9 ಲಕ್ಷವನ್ನು ಶೇ. 6.5ರ ಠೇವಣಿಯಲ್ಲಿಟ್ಟು ಬೇಕಾದಷ್ಟೇ ತೆಗೆಯುತ್ತಾ ಹೋದರೆ ಏನಾಗುತ್ತದೆಂದು ನೋಡಿದೆ. ಮೊದಲ ಹತ್ತು ವರ್ಷ ಭಯವೇ ಕಾಣಲಿಲ್ಲ, 70ರಲ್ಲೂ ಹತ್ತಿರಹತ್ತಿರ 9 ಲಕ್ಷವೇ ಉಳಿದಿತ್ತು. ಆಮೇಲಿನ ಐದೇ ವರ್ಷಗಳಲ್ಲಿ ಅದು ಪೂರ್ತಿ ಕರಗಿತು. 75ರಿಂದ ಅಂಚೆ ಕಚೇರಿಯ 22 ಲಕ್ಷದ ಅಸಲಿಗೇ ಕೈ ಹಾಕಬೇಕು, ಅದೂ 80ರ ಹೊತ್ತಿಗೆ ಮುಗಿಯುತ್ತದೆ. ಹೆಂಡತಿ ನನಗಿಂತ ಐದು ವರ್ಷ ಚಿಕ್ಕವಳು. ಬಡ್ಡಿಯಿಂದಲೇ ಮನೆ ನಡೆಯುತ್ತಿದೆ ಎಂಬ ಸಮಾಧಾನ ಎಷ್ಟು ಅಪಾಯದ್ದು ಎಂಬುದು ಈ ಪಟ್ಟಿ ಬರೆಯದಿದ್ದರೆ ತಿಳಿಯುತ್ತಿರಲಿಲ್ಲ. ಮೊದಲ ಹತ್ತು ವರ್ಷ ಎಲ್ಲ ಸರಿಯಾಗಿದೆ ಎಂದೇ ಕಾಣುವುದರಿಂದ ಆಗ ಯಾರೂ ಎಚ್ಚರಗೊಳ್ಳುವುದಿಲ್ಲ, ಎಚ್ಚರವಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಾಗಾಗಿ ಆ 9 ಲಕ್ಷವನ್ನು ಎರಡು ಮಾಡಿದೆ. 4 ಲಕ್ಷ ಠೇವಣಿಯಲ್ಲಿದೆ. ಪ್ರತಿ ವರ್ಷದ ಅಂತರವನ್ನು ತುಂಬುವುದು ಅದರಿಂದ, 70ರ ಹತ್ತಿರದವರೆಗೆ ಅದು ಸಾಕು. 5 ಲಕ್ಷವನ್ನು ಷೇರು ಮತ್ತು ಸಾಲಪತ್ರ ಎರಡೂ ಇರುವ ಮಿಶ್ರ ಮ್ಯೂಚುವಲ್ ಫಂಡಿನಲ್ಲಿಟ್ಟು 70ರವರೆಗೆ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಬೆಳೆದರೆ 80ರ ಗೆರೆ ಕೆಲವು ವರ್ಷ ಮುಂದೆ ಸರಿಯುತ್ತದೆ. ಪೇಟೆ ಕುಸಿದ ವರ್ಷವೇ ಅದನ್ನು ಮಾರಬೇಕಾಗಿ ಬರಬಾರದು, 4 ಲಕ್ಷವನ್ನು ಬೇರೆಯಾಗಿ ಇಟ್ಟದ್ದು ಅದಕ್ಕಾಗಿಯೇ. ನಮ್ಮೂರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಬಡ್ಡಿ ತುಸು ಹೆಚ್ಚು. ಆದರೆ ಹೆಸರಿಗೆ ಬ್ಯಾಂಕಾದರೂ ಅದು ಪ್ರಾಥಮಿಕ ಕೃಷಿ ಸಹಕಾರ ಸಂಘ. ಅಂಥ ಸಂಘಗಳ ಠೇವಣಿಗೆ, ಬ್ಯಾಂಕುಗಳಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ ಅನ್ವಯಿಸುವುದಿಲ್ಲ. ಈ ಹಣವನ್ನು ಅಲ್ಲಿ ಇಡಲು ನನಗೆ ಮನಸ್ಸಾಗಲಿಲ್ಲ.

14 ಲಕ್ಷದಲ್ಲಿ ಉಳಿದ 5 ಲಕ್ಷ ಆಸ್ಪತ್ರೆಯ ಗಂಟು. ಮೇಲಿನ ಪಟ್ಟಿಯೆಲ್ಲ ನಿಂತಿರುವುದು ಇದರ ಮೇಲೆ. ಒಂದು ದೊಡ್ಡ ಕಾಯಿಲೆ ಬಂದು 22 ಲಕ್ಷದಿಂದ 6 ಲಕ್ಷ ತೆಗೆದರೆ ತಿಂಗಳ ಆದಾಯವೇ ನಾಲ್ಕು ಸಾವಿರದಷ್ಟು ಇಳಿಯುತ್ತದೆ, ಮತ್ತೆ ಏರುವುದಿಲ್ಲ.

ಆರೋಗ್ಯ ವಿಮೆಯನ್ನು ನಾನು ಮಾಡಿಸಿದ್ದು 2019ರಲ್ಲಿ, ಕೆಲಸದಲ್ಲಿರುವಾಗಲೇ. ಸಂಸ್ಥೆಯ ಗುಂಪು ವಿಮೆ ಇತ್ತು. ಆದರೆ ಅದು ನಿವೃತ್ತಿಯೊಂದಿಗೆ ಮುಗಿಯುತ್ತದೆ. ನನಗೆ ರಕ್ತದೊತ್ತಡ, ಹೆಂಡತಿಗೆ ಸಕ್ಕರೆ ಕಾಯಿಲೆ. ಮೊದಲೇ ಇರುವ ಕಾಯಿಲೆಗಳಿಗೆ ಆಗ ನಾಲ್ಕು ವರ್ಷದವರೆಗೆ ಕಾಯಬೇಕಾಗಿತ್ತು (2024ರಿಂದ ಅದು ಗರಿಷ್ಠ ಮೂರು ವರ್ಷ). ಅರವತ್ತಕ್ಕೆ ಮಾಡಿಸಿದ್ದರೆ ವಿಮೆ ಹೆಚ್ಚು ಬೇಕಾಗುವ ವರ್ಷಗಳೇ ಕಾಯುವುದರಲ್ಲಿ ಕಳೆಯುತ್ತಿದ್ದವು. ಎರಡೂ ಕಾಯಿಲೆಗಳನ್ನು ಅರ್ಜಿಯಲ್ಲಿ ಬರೆದೆ. ಏಜೆಂಟ್ ಬೇಡವೆಂದರೂ ಬರೆದೆ. ಮುಚ್ಚಿಟ್ಟ ಕಾಯಿಲೆ ಬಿಲ್ಲಿನ ದಿನ ಹೊರಗೆ ಬಂದೇ ಬರುತ್ತದೆ.

ಪಾಲಿಸಿ ಆರಿಸುವಾಗ ನನಗೆ ದಾರಿ ತೋರಿಸಿದ್ದು ಬದಿಯಡ್ಕದ ನನ್ನ ಭಾವನ ಬಿಲ್ಲು. ಅವರು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಐದು ದಿನ ಇದ್ದರು. ವಿಮೆ 5 ಲಕ್ಷದ್ದು, ಒಟ್ಟು ಬಿಲ್ಲು 2,40,000. ವಿಮೆಯವರು ಕೊಟ್ಟದ್ದು 1,80,000. "ಕೋಣೆಗೆ ದಿನಕ್ಕೆ ಮೂರು ಸಾವಿರ ಹೆಚ್ಚು, ಐದು ದಿನಕ್ಕೆ ಹದಿನೈದು ಸಾವಿರ ಕೈಯಿಂದ ಹೋಗುತ್ತದೆ ಎಂದು ಅಂದುಕೊಂಡಿದ್ದೆ. ಅರವತ್ತು ಸಾವಿರ ಹೇಗಾಯಿತು, ನೀವೇ ನೋಡಿ ಭಾವ" ಎಂದು ಕಾಗದಗಳನ್ನು ನನ್ನ ಮುಂದಿಟ್ಟರು.

ಅವರ ಪಾಲಿಸಿಯಲ್ಲಿ ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 5,000 ಮಿತಿ ಇತ್ತು. ಅವರು ತೆಗೆದುಕೊಂಡದ್ದು 8,000ದ ಕೋಣೆ. ಬಾಡಿಗೆಯ 40,000ದಲ್ಲಿ ವಿಮೆ ಕೊಟ್ಟದ್ದು 25,000. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಇವೆಲ್ಲ ಸೇರಿ 1,20,000 ಆಗಿತ್ತು. ಅದನ್ನೂ ಅದೇ ಎಂಟಕ್ಕೆ ಐದರ ಪ್ರಮಾಣದಲ್ಲಿ ಕಡಿದು 75,000 ಕೊಟ್ಟರು. ಔಷಧ, ಒಳಗೆ ಅಳವಡಿಸಿದ ಸಾಧನ, ಪರೀಕ್ಷೆಗಳ 80,000ಕ್ಕೆ ಈ ಕಡಿತ ತಗಲಿರಲಿಲ್ಲ, ಅದು ಪೂರ್ತಿ ಸಿಕ್ಕಿತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಕೋಣೆಯ ದರ್ಜೆ ಏರಿದಂತೆ ವೈದ್ಯರ ಶುಲ್ಕವೂ ಏರುವುದರಿಂದ ವಿಮೆಯವರು ಹೀಗೆ ಮಾಡುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ದಾಖಲಾಗುವ ದಿನ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅದನ್ನು ನೋಡಿದ ಮೇಲೆ ನಾನು ಬಾಡಿಗೆಯ ಮಿತಿ ಇಲ್ಲದ ಪಾಲಿಸಿಯನ್ನೇ ಹುಡುಕಿ 5 ಲಕ್ಷಕ್ಕೆ ಮಾಡಿಸಿದೆ. ಅದರ ಮೇಲೆ 10 ಲಕ್ಷದ ಸೂಪರ್ ಟಾಪ್‌ಅಪ್ ಇದೆ. ವರ್ಷದಲ್ಲಿ ಬಿಲ್ಲುಗಳೆಲ್ಲ ಕೂಡಿ 5 ಲಕ್ಷ ದಾಟಿದ ಮೇಲಷ್ಟೇ ಕೊಡುವುದರಿಂದ ಅದರ ಕಂತು ಕಡಿಮೆ. ಈಗ ಮಿತಿ ಇರುವ ಪಾಲಿಸಿಯೇ ಇರುವವರು ದಾಖಲಾಗುವಾಗ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಆ ಮಿತಿಯೊಳಗಿನ ಕೋಣೆಯನ್ನೇ ಕೇಳಬೇಕು. ಅಂಥ ಕೋಣೆ ಖಾಲಿ ಇಲ್ಲವೆಂದರೆ ಹಾಗೆಂದು ಬರೆಸಿಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯವರು ಇನ್ನೊಂದನ್ನು ನೋಡಬೇಕು. ಏನಾದರೂ ಆದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿ ರೋಗಿಗಳ ವಾಹನಗಳನ್ನೂ ತಡೆದದ್ದನ್ನು ಇಲ್ಲಿಯವರು ಮರೆತಿಲ್ಲ. ಅಂದಿನಿಂದ ಪಾಲಿಸಿ ನವೀಕರಿಸುವ ಮೊದಲು, ಹಣ ಕಟ್ಟದೆ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಪಟ್ಟಿಯಲ್ಲಿ ಮಂಗಳೂರಿನ ಜೊತೆಗೆ ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಆಸ್ಪತ್ರೆಗಳಿವೆಯೇ ಎಂದು ನೋಡುತ್ತೇನೆ. ಆ ಪಟ್ಟಿ ಬದಲಾಗುತ್ತಿರುತ್ತದೆ.

ವಿಮೆ ಇದ್ದರೂ ದಾಖಲಾಗುವಾಗ ಮುಂಗಡ ಕೇಳಬಹುದು. ಕೈಗವಸು, ಸಿರಿಂಜಿನಂಥ ಸಣ್ಣಪುಟ್ಟದಕ್ಕೆ ವಿಮೆ ಕೊಡದಿರಬಹುದು, ಮನೆಗೆ ಬಂದ ಮೇಲಿನ ಓಡಾಟಕ್ಕೂ ಹಣ ಬೇಕು. ಆಸ್ಪತ್ರೆಯ 5 ಲಕ್ಷದಲ್ಲಿ 1 ಲಕ್ಷ ಉಳಿತಾಯ ಖಾತೆಯಲ್ಲಿದೆ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು. ಉಳಿದದ್ದು ಒಂದೊಂದು ಲಕ್ಷದ ನಾಲ್ಕು ಠೇವಣಿ. ಒಂದನ್ನು ಅವಧಿಗೆ ಮೊದಲು ಮುರಿದರೂ ಉಳಿದವುಗಳ ಬಡ್ಡಿ ಕೆಡುವುದಿಲ್ಲ. ಅವುಗಳ ಬಡ್ಡಿ ಪೂರ್ತಿ ವಿಮೆಯ ಕಂತಿಗೆ ಹೋಗುತ್ತದೆ.

ಕಂತು ಮಾತ್ರ ನನ್ನ ಶೇ. 6ರ ಲೆಕ್ಕಕ್ಕೆ ಬಗ್ಗುವುದಿಲ್ಲ. ನಿವೃತ್ತಿಯ ವರ್ಷ 34,000 ಇದ್ದದ್ದು ಎರಡೇ ವರ್ಷದಲ್ಲಿ 39,000 ದಾಟಿತು. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಂದಿಗೆ ಸಮಾಲೋಚಿಸಬೇಕೆಂದು ಕಂಪನಿಗಳಿಗೆ ಸೂಚಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು. ಎರಡರಿಂದಲೂ ಉಸಿರಾಡುವಂತಾಯಿತು. ಆದರೂ ಪಟ್ಟಿಯಲ್ಲಿ ಕಂತಿಗೆಂದು ಬೇರೆ ಸಾಲು ಮಾಡಿ ಶೇ. 10ರಂತೆ ಏರಿಸುತ್ತಿದ್ದೇನೆ. ಬಡ್ಡಿಗೆ ಮೀರಿದ್ದು ಅಂತರ ತುಂಬುವ ಠೇವಣಿಯಿಂದ ಹೋಗುತ್ತದೆ.

ನಿತ್ಯದ ಔಷಧಕ್ಕೆ ವಿಮೆ ಇಲ್ಲ. ವೈದ್ಯರಲ್ಲಿ ಮೂಲ ಔಷಧದ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಳ್ಳಲು ಆರಂಭಿಸಿದ ಮೇಲೆ ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲ ಔಷಧವೂ ಅಲ್ಲಿ ಎಲ್ಲ ದಿನವೂ ಸಿಗುವುದಿಲ್ಲ, ಮುಗಿಯುವ ಮೊದಲೇ ಹೋಗಬೇಕು.

ಮುಂದಿನ ದೊಡ್ಡ ತೀರ್ಮಾನ 2028ರಲ್ಲಿ. ಆಗ 16 ಲಕ್ಷದ ಅವಧಿ ಮುಗಿಯುತ್ತದೆ. ಮೂರು ವರ್ಷಕ್ಕೆ ಮುಂದುವರಿಸಬಹುದು, ಆದರೆ ಅಂದಿನ ಬಡ್ಡಿದರಕ್ಕೆ. ಅದು ಶೇ. 7 ಆಗಿದ್ದರೆ ತಿಂಗಳಿಗೆ 1,600 ಕಡಿಮೆ ಬರುತ್ತದೆ. ಈ ಏಪ್ರಿಲ್‌ನ ಪಟ್ಟಿಯನ್ನು ಆ ದರವನ್ನೇ ಹಿಡಿದು ಬರೆದಿದ್ದೇನೆ. ಹಾಗೆ ಬರೆದಾಗ ಅಂತರ ತುಂಬುವ 4 ಲಕ್ಷ 69ರವರೆಗೆ ಬಾರದೆ 67ಕ್ಕೇ ಬಹುತೇಕ ಮುಗಿಯುವುದು ಕಂಡಿತು. ಅದಕ್ಕೆ ಈ ವರ್ಷ ಮನೆಯ ಮೊತ್ತವನ್ನು ಶೇ. 6ರ ಬದಲು ಶೇ. 4 ಮಾತ್ರ ಏರಿಸಿದ್ದೇವೆ.